46 ಲಕ್ಷದ ನೋಟಿಸು, 26 ಕೆಜಿಯ ಚೀಲ

ಪ್ರಶ್ನೆ: ನಮ್ಮ ಅಪ್ಪಾಜಿಗೆ 71 ವರ್ಷ. ಸಿಂಧನೂರು ಹತ್ತಿರ ಸಣ್ಣ ಕಿರಾಣಿ ಅಂಗಡಿ ಇದೆ. ಯುಪಿಐನಲ್ಲಿ ಬಂದ ಹಣ ನೋಡಿ ವಾಣಿಜ್ಯ ತೆರಿಗೆ ಇಲಾಖೆಯಿಂದ ನೋಟಿಸ್ ಬಂದಿದೆ. ಜೀವನದಲ್ಲಿ ಇದೇ ಮೊದಲು. ಲಕ್ಷಗಟ್ಟಲೆ ತೆರಿಗೆ ಅಂತ ಬರೆದಿದ್ದಾರೆ. ಅಪ್ಪಾಜಿ ಊಟ ಬಿಟ್ಟಿದ್ದಾರೆ, ಕ್ಯೂಆರ್ ಕೋಡ್ ಕಿತ್ತು ಹಾಕಿದ್ದಾರೆ. ಗಾಬರಿಯಾಗದೆ ಇದಕ್ಕೆ ಹೇಗೆ ಉತ್ತರ ಕೊಡಬೇಕು?

ಉತ್ತರ: 2025ರ ಜುಲೈನಲ್ಲಿ ಗಂಗಾವತಿಯ ನನ್ನ ಕಚೇರಿಗೆ ಒಬ್ಬ ಅಜ್ಜಾರು ಬಂದಿದ್ದರು. 72 ವರ್ಷ, ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಕಿರಾಣಿ ಅಂಗಡಿ. ಓಣಿಯವರೆಲ್ಲ ‘ಅಂಗಡಿ ಅಜ್ಜಾರು’ ಅಂತಲೇ ಕರೆಯುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಅವರ ಕತೆ ಹೇಳಿದರೆ ನಿಮ್ಮ ಅಪ್ಪಾಜಿ ಮಾಡಬೇಕಾದ ಕೆಲಸ ಬಹುಮಟ್ಟಿಗೆ ಅದರಲ್ಲೇ ಸಿಗುತ್ತದೆ.

ಅಜ್ಜಾರು ನೋಟಿಸನ್ನು ಟವೆಲಿನಲ್ಲಿ ಸುತ್ತಿಕೊಂಡು ತಂದಿದ್ದರು. ಬಿಚ್ಚಿ ಮೇಜಿನ ಮೇಲಿಟ್ಟು, “ಇದು ನನ್ನ ಅಂಗಡಿದಲ್ಲ ತಗೀರಿ. ಇಷ್ಟು ರೊಕ್ಕ ನಾ ಕಣ್ಣಾಗ ನೋಡಿಲ್ಲ” ಎಂದರು. ಹೆಸರು ಅವರದೇ, ಪ್ಯಾನ್ ಅವರದೇ. 2023-24ರಲ್ಲಿ ಯುಪಿಐ ಮೂಲಕ 46,20,000 ರೂಪಾಯಿ ಬಂದಿದೆ, 40 ಲಕ್ಷ ದಾಟಿದರೂ ಜಿಎಸ್‌ಟಿ ನೋಂದಣಿ ಮಾಡಿಸಿಲ್ಲ, ಆದ್ದರಿಂದ ಶೇ 18ರಂತೆ 8,31,600 ರೂಪಾಯಿ ತೆರಿಗೆ, ಅದರ ಮೇಲೆ ಬಡ್ಡಿ, ದಂಡ ಏಕೆ ವಿಧಿಸಬಾರದು ಎಂದು ಕೇಳಿತ್ತು.

ನಾನು ಮೊದಲು ಅವರ ಕೈಯಿಂದ ಓದಿಸಿದ್ದು ಆ ಕೊನೆಯ ಎರಡು ಪದಗಳನ್ನು: ‘ಏಕೆ ವಿಧಿಸಬಾರದು’. ಅಜ್ಜಾರು ಅಂಕಿ ನೋಡಿ ಕಾಗದ ಮಡಚಿದ್ದರು, ಅಲ್ಲಿಯವರೆಗೆ ಓದಿರಲೇ ಇಲ್ಲ. ನೋಟಿಸ್ ಎಂದರೆ ಕೇಳುವ ಕಾಗದ. ಕಟ್ಟು ಎನ್ನುವ ಕಾಗದ ಆದೇಶ, ಅದು ಇನ್ನೂ ಬಂದಿರಲಿಲ್ಲ. ನೋಂದಣಿ ಇಲ್ಲದವರಿಗೆ ಕೊಡುವ ಈ ನೋಟಿಸಿನ ನಮೂನೆ ಎಎಸ್‌ಎಂಟಿ-14, ಆದೇಶದ್ದು ಎಎಸ್‌ಎಂಟಿ-15. ಎರಡರ ನಡುವೆ ಉತ್ತರಕ್ಕೆ 15 ದಿನ ಕೊಡಬೇಕು ಎಂದು ನಿಯಮವೇ ಹೇಳುತ್ತದೆ. ನಿಮ್ಮ ಅಪ್ಪಾಜಿಗೆ ಬಂದ ಕಾಗದದ ತಲೆಬರಹದಲ್ಲಿ ಯಾವ ನಮೂನೆ, ಯಾವ ಸೆಕ್ಷನ್ ಇದೆ, ಎಷ್ಟು ದಿನ ಕೊಟ್ಟಿದ್ದಾರೆ ಎಂದು ಮೊದಲು ನೋಡಿ. ಅಂಚೆ ಲಕೋಟೆ ಎಸೆಯಬೇಡಿ. ಅಜ್ಜಾರ ಮೊಮ್ಮಗಳು ಲಕೋಟೆಯ ಹಿಂದೆ ಕೈಗೆ ಬಂದ ದಿನ ಬರೆದಿಟ್ಟಿದ್ದಳು, ನಮಗೆ ದಿನ ಎಣಿಸಲು ಅದೇ ಆಧಾರವಾಯಿತು. ಆಗಲೇ ಆರು ದಿನ ಕಳೆದಿತ್ತು.

ಕಾಗದ ನಿಜವೋ ನಕಲಿಯೋ ಎಂಬ ಅನುಮಾನವಿದ್ದರೆ ಅದರಲ್ಲಿರುವ ಉಲ್ಲೇಖ ಸಂಖ್ಯೆ ಹಿಡಿದು ನಿಮ್ಮ ವ್ಯಾಪ್ತಿಯ ಸ್ಥಳೀಯ ಜಿಎಸ್‌ಟಿ ಕಚೇರಿಗೆ ಹೋಗಿ ಕೇಳಿ. ವಾಟ್ಸಾಪ್‌ನಲ್ಲಿ ಲಿಂಕ್ ಕಳಿಸಿ ಇಲ್ಲಿ ಹಣ ಹಾಕಿ ಎಂದರೆ ಅದು ಇಲಾಖೆಯಲ್ಲ, ಕಳ್ಳರು.

ಅಜ್ಜಾರೂ ನಿಮ್ಮ ಅಪ್ಪಾಜಿಯ ಹಾಗೆ ಕ್ಯೂಆರ್ ಹಾಳೆ ಕಿತ್ತಿದ್ದರು. ಹಣ ಬಂತೆಂದು ಕೂಗುವ ಪೆಟ್ಟಿಗೆಯ ವೈರ್ ಬಿಚ್ಚಿ ಬೆಲ್ಲದ ಡಬ್ಬಿಯ ಹಿಂದೆ ಇಟ್ಟಿದ್ದರು. ಇದರಿಂದ ಏನೂ ಆಗದು. ಇಲಾಖೆ ಕೇಳುತ್ತಿರುವುದು ಹಳೆಯ ವರ್ಷವನ್ನು, ಆ ಲೆಕ್ಕ ಆಗಲೇ ಅವರ ಬಳಿ ಹೋಗಿದೆ. ಈಗ ಕಿತ್ತರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಕೇಳುವವರಿಗೆ ಏನೋ ಮುಚ್ಚಿಡುವಂತೆಯೂ ಕಾಣುತ್ತದೆ.

ಇನ್ನು ಉತ್ತರದ ವಿಷಯ. ಅಜ್ಜಾರು ಒಂದು ಉತ್ತರ ಬರೆದುಕೊಂಡೇ ಬಂದಿದ್ದರು. ಶಾಲೆಯ ಮೇಷ್ಟ್ರೊಬ್ಬರ ಕೈಬರಹ, ಒಂದೂವರೆ ಪುಟ. ‘ನಾನು ಬಡ ವ್ಯಾಪಾರಿ, ನಲವತ್ತು ವರ್ಷದಿಂದ ಪ್ರಾಮಾಣಿಕವಾಗಿ ಅಂಗಡಿ ನಡೆಸಿದ್ದೇನೆ, ಜಿಎಸ್‌ಟಿ ತಿಳಿಯದೆ ತಪ್ಪಾಗಿದೆ, ದಯವಿಟ್ಟು ತೆರಿಗೆ ಮನ್ನಾ ಮಾಡಬೇಕು’ ಎಂಬ ಧಾಟಿ. ಓದಿದರೆ ಕರುಳು ಚುರುಕ್ ಅನ್ನುತ್ತದೆ. ಆದರೆ ಆ ಪತ್ರ ಕೊಟ್ಟಿದ್ದರೆ 46,20,000 ಪೂರ್ತಿ ವ್ಯಾಪಾರವೆಂದು, ಅದೆಲ್ಲಕ್ಕೂ ಶೇ 18 ಸರಿಯೆಂದು ಅಜ್ಜಾರೇ ಒಪ್ಪಿ ಸಹಿ ಹಾಕಿದಂತಾಗುತ್ತಿತ್ತು. ಕ್ಷಮೆ ಕೇಳುವವನು ಅಂಕಿಯನ್ನು ಪ್ರಶ್ನಿಸುವುದಿಲ್ಲ. ಅಧಿಕಾರಿಗೆ ಮನ್ನಾ ಮಾಡುವ ಅಧಿಕಾರ ಇರುವುದಿಲ್ಲ, ಲೆಕ್ಕ ಸರಿ ಮಾಡುವ ಅಧಿಕಾರ ಇರುತ್ತದೆ. ನಾವು ಕೇಳಬೇಕಾದ್ದು ಅದನ್ನೇ.

ಅಜ್ಜಾರ ಅಳಿಯನಿಗೆ ಯಾರೋ ಇನ್ನೊಂದು ಉಪಾಯ ಹೇಳಿಕೊಟ್ಟಿದ್ದರು: “ಎಲ್ಲಾ ಕೈಗಡ ಅಂತ ಬರದುಬಿಡ್ರಿ, ಏನು ಕಿಸೀತಾರ.” ಇದು ಇನ್ನೂ ಕೆಟ್ಟದ್ದು. ದಿನಕ್ಕೆ ಎಪ್ಪತ್ತು ಜನ ಇಪ್ಪತ್ತು, ಐವತ್ತು, ನೂರಾ ಹತ್ತು ಎಂದು ಹಾಕಿದ್ದನ್ನು ಕೈಗಡ ಎಂದರೆ ಯಾರು ನಂಬುತ್ತಾರೆ? ಬೇಕೆಂದೇ ಸುಳ್ಳು ಹೇಳಿ ತೆರಿಗೆ ತಪ್ಪಿಸಿದ್ದು ಎಂದಾದರೆ ದಂಡ ತೆರಿಗೆಯಷ್ಟೇ ಆಗುವ ಸೆಕ್ಷನ್ ಬೇರೆಯೇ ಇದೆ. ತಿಳಿಯದೆ ಆದ ತಪ್ಪನ್ನು ತಿಳಿದು ಮಾಡಿದ ತಪ್ಪಾಗಿ ನಾವೇ ಏಕೆ ಬದಲಿಸಿಕೊಳ್ಳಬೇಕು.

ಮಾಡಬೇಕಾದ್ದು ಇಷ್ಟು. ನೋಟಿಸಿನಲ್ಲಿರುವ ಒಂದು ದೊಡ್ಡ ಅಂಕಿಯನ್ನು ಒಡೆದು ರಾಶಿ ಹಾಕಬೇಕು, ಕಣದಲ್ಲಿ ಜೊಳ್ಳು ಬೇರೆ, ಕಾಳು ಬೇರೆ ಮಾಡಿದಂತೆ. ಇಲಾಖೆಗೆ ಸಿಕ್ಕಿರುವುದು ಖಾತೆಗೆ ಬಂದ ಹಣದ ಮೊತ್ತ ಮಾತ್ರ. ಮಗ ಕಳಿಸಿದ್ದು ಯಾವುದು, ಅಕ್ಕಿ ಮಾರಿದ್ದು ಯಾವುದು, ಸೋಪು ಮಾರಿದ್ದು ಯಾವುದು ಎಂದು ಆ ಮೊತ್ತಕ್ಕೆ ಗೊತ್ತಿಲ್ಲ. ಅಂಗಡಿಯವನಿಗೆ ಗೊತ್ತು.

ಅಜ್ಜಾರಿಗೆ ಪಾಸ್‌ಬುಕ್ ಬೇಡ, ಏಪ್ರಿಲ್ 2023ರಿಂದ ಮಾರ್ಚ್ 2024ರವರೆಗಿನ ವಿವರ ಎಕ್ಸೆಲ್‌ನಲ್ಲಿ ತನ್ನಿ ಎಂದು ಬ್ಯಾಂಕಿಗೆ ಕಳಿಸಿದೆ. ಕಾಗದದಲ್ಲಿ ತೆಗೆದಿದ್ದರೆ ನೂರಾರು ಪುಟ, ಯಾರೂ ಓದಲಾರರು. ಎಕ್ಸೆಲ್‌ನಲ್ಲಿ 5,000 ರೂಪಾಯಿಗಿಂತ ಹೆಚ್ಚಿನ ಜಮೆ ಮಾತ್ರ ತೋರಿಸು ಎಂದರೆ ನೂರೈದು ಸಾಲು ಉಳಿದವು. ಕಿರಾಣಿ ಅಂಗಡಿಯಲ್ಲಿ ಒಂದೇ ಸಲಕ್ಕೆ ಐದು ಸಾವಿರದ ಸಾಮಾನು ಒಯ್ಯುವವರು ಕಡಿಮೆ. ವ್ಯಾಪಾರವಲ್ಲದ ಹಣ ಇರುವುದು ಬಹುತೇಕ ಈ ಸಾಲುಗಳಲ್ಲೇ.

ಅಜ್ಜಾರು ಕನ್ನಡಕ ಏರಿಸಿ ಒಂದೊಂದೇ ಸಾಲಿಗೆ ಬೆರಳಿಟ್ಟರು. ಪ್ರತಿ ತಿಂಗಳು ಮೂರನೇ ತಾರೀಖಿನ ಸುಮಾರಿಗೆ 30,000. “ಇದು ನಮ್ಮ ಸಣ್ಣಾವ. ಬೆಂಗಳೂರಾಗ ಅದಾನ. ಮನಿ ಕಟ್ಟಾಕ ಕಳಿಸಿದ್ದು.” ಹನ್ನೆರಡು ತಿಂಗಳಿಗೆ 3,60,000. ಅಕ್ಟೋಬರಿನಲ್ಲಿ ಮೂರು ಸಲ 70,000, ಬಂಗಾರ ಇಟ್ಟು ಪಡೆದ ಸಾಲ ಅವರದೇ ಇನ್ನೊಂದು ಬ್ಯಾಂಕಿನ ಖಾತೆಯಲ್ಲಿತ್ತು, ಅಲ್ಲಿಂದ ಇಲ್ಲಿಗೆ ಹಾಕಿಕೊಂಡದ್ದು 2,10,000. ಎರಡು ದಿನ ಬೆನ್ನುಬೆನ್ನಿಗೆ 75,000, ಹಿಂದಿನ ವರ್ಷ ಕಾರಟಗಿಯ ಷಡ್ಡಕನಿಗೆ ಕೊಟ್ಟಿದ್ದ ಕೈಗಡ ತಿರುಗಿ ಬಂದದ್ದು 1,50,000. ಒಟ್ಟು 7,20,000. ಇದ್ಯಾವುದೂ ಮಾರಾಟವಲ್ಲ. 46,20,000ದಲ್ಲಿ ಕಳೆದರೆ ಯುಪಿಐ ವ್ಯಾಪಾರ 39,00,000.

ಪ್ರತಿ ಕಳೆತಕ್ಕೂ ಒಂದು ಕಾಗದ ಬೇಕು. ಮಗನ ಹಣಕ್ಕೆ ಮಗನ ಬ್ಯಾಂಕ್ ವಿವರ, ಸಂಬಂಧ ತೋರಿಸುವ ಒಂದು ದಾಖಲೆ. ಸ್ವಂತ ಖಾತೆಗೆ ಆ ಖಾತೆಯ ಪಾಸ್‌ಬುಕ್ ನಕಲು, ಬಂಗಾರ ಸಾಲದ ಚೀಟಿ. ಕೈಗಡಕ್ಕೆ ಹಿಂದಿನ ವರ್ಷ ಅಜ್ಜಾರ ಖಾತೆಯಿಂದ ಅದೇ ಷಡ್ಡಕನಿಗೆ 1,50,000 ಹೋದ ಸಾಲು. ತಿರುಗಿ ಬಂದದ್ದು ನಂಬುವಂತಾಗುವುದು ಮೊದಲು ಹೋದದ್ದು ಕಂಡಾಗ.

ಇಲ್ಲಿ ಒಂದು ರಾಶಿಯನ್ನು ನಾವು ಬಿಡಬೇಕಾಯಿತು. ಬಸ್ ನಿಲ್ದಾಣದ ಹತ್ತಿರದ ಅಂಗಡಿ ಅಲ್ಲವೇ, “ಅಜ್ಜಾರ, ಐನೂರು ಫೋನ್‌ಪೇ ಹೊಡಿತೀನಿ, ನೋಟು ಕೊಡ್ರಿ” ಎಂದು ದಿನಾ ನಾಲ್ಕು ಜನ ಬರುತ್ತಾರೆ. ಅದೂ ವ್ಯಾಪಾರವಲ್ಲ, ಅಜ್ಜಾರ ಅಂದಾಜಿನಲ್ಲಿ ವರ್ಷಕ್ಕೆ ಎರಡು ಲಕ್ಷದ ಮೇಲೆ. ಆದರೆ ಯಾವ ಐನೂರು ನೋಟಿಗೆ, ಯಾವ ಐನೂರು ಎಣ್ಣೆಗೆ ಎಂದು ತೋರಿಸುವ ಒಂದು ಚೀಟಿಯೂ ಇರಲಿಲ್ಲ. ತೋರಿಸಲಾಗದ ಎರಡು ಲಕ್ಷ ಬರೆದರೆ ತೋರಿಸಬಹುದಾದ ಏಳು ಲಕ್ಷದ ಮೇಲೂ ಅನುಮಾನ ಬರುತ್ತದೆ. ಅಜ್ಜಾರಿಗೆ ಇದು ಸರಿ ಕಾಣಲಿಲ್ಲ, ಎರಡು ದಿನ ಮುಖ ಗಂಟು ಹಾಕಿಕೊಂಡೇ ಇದ್ದರು. ನಾನು ಸೋಲಲಿಲ್ಲ.

39 ಲಕ್ಷ ಎಂದು ಕಂಡ ಕೂಡಲೇ ಅಳಿಯ ಕುರ್ಚಿಯಿಂದ ಎದ್ದ. “ನಲವತ್ತರ ಒಳಗೇ ಐತಲ್ರೀ! ಮುಗೀತು!” ನಾನು ಬಾಯಿ ತೆರೆಯುವ ಮೊದಲೇ ಅಜ್ಜಾರು ಕೇಳಿದರು, “ನಗದು ವ್ಯಾಪಾರ ಎಲ್ಲಿ ಹೋತಪಾ?”

ನಿಜ. 40 ಲಕ್ಷದ ಗಡಿ ಇರುವುದು ಯುಪಿಐಗಲ್ಲ, ವರ್ಷದ ಒಟ್ಟು ವಹಿವಾಟಿಗೆ. ನಗದೂ ಸೇರುತ್ತದೆ. ಅಜ್ಜಾರು ದಿನಾ ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಕೆಂಪು ಬಟ್ಟೆಯ ಪುಸ್ತಕದಲ್ಲಿ ಒಂದು ಸಾಲು ಬರೆಯುವವರು. ಅದನ್ನು ಕೂಡಿಸಿದರೆ ಆ ವರ್ಷದ ನಗದು 10,00,000. ಅಲ್ಲಿಗೆ ಒಟ್ಟು 49,00,000. ಇದು ಸರಿಯೋ ಎಂದು ನೋಡಲು ಇನ್ನೊಂದು ದಾರಿ ಇದೆ: ಖರೀದಿ ಬಿಲ್ಲುಗಳನ್ನು ಕೂಡಿಸುವುದು. ಅಜ್ಜಾರ ಬಿಲ್ಲುಗಳು ತಂತಿಗೆ ಚುಚ್ಚಿ ನೇತುಹಾಕಿದ್ದವು, ಒಟ್ಟು 45,60,000. ಅಂಗಡಿಯಲ್ಲಿ ವರ್ಷದ ಆರಂಭಕ್ಕೂ ಕೊನೆಗೂ ಸಾಮಾನು ಹೆಚ್ಚುಕಡಿಮೆ ಅಷ್ಟೇ ಇತ್ತು. 49 ಲಕ್ಷದ ಮಾರಾಟದಲ್ಲಿ 3,40,000 ಲಾಭ, ನೂರಕ್ಕೆ ಏಳು ರೂಪಾಯಿಯ ಹತ್ತಿರ. ಅಕ್ಕಿಯೇ ಹೆಚ್ಚಿರುವ ಕಿರಾಣಿಗೆ ಒಪ್ಪುವ ಮಾತು. ಖರೀದಿ 60 ಲಕ್ಷ ಇದ್ದು ಮಾರಾಟ 49 ಎಂದಿದ್ದರೆ ನಾನೇ ನಂಬುತ್ತಿರಲಿಲ್ಲ, ಅಧಿಕಾರಿ ಹೇಗೆ ನಂಬುತ್ತಾರೆ.

ಅಳಿಯ ಮತ್ತೆ ಕುಳಿತ. ಆದರೆ ಅಜ್ಜಾರ ಮುಖದಲ್ಲಿ ಮೊದಲ ದಿನದ ಬೆವರು ಇರಲಿಲ್ಲ. ತಮ್ಮ ಅಂಗಡಿಯ ಲೆಕ್ಕ ತಮ್ಮ ಕಣ್ಣಿಗೇ ಕಾಣತೊಡಗಿತ್ತು, ಅದಕ್ಕಿರಬೇಕು.

ಈಗ ಅಕ್ಕಿ ಚೀಲದ ಮಾತಿಗೆ ಬರೋಣ. ನಿಮ್ಮ ಸಿಂಧನೂರು, ನಮ್ಮ ಗಂಗಾವತಿ ಎರಡೂ ಭತ್ತದ ನಾಡು, ನಮ್ಮ ಕಡೆಯ ಕಿರಾಣಿಯವರ ಗೆಲುವು ಸೋಲು ಇಲ್ಲೇ. 18 ಜುಲೈ 2022ರಿಂದ ಇರುವ ನಿಯಮ ಹೀಗೆ: ಅಕ್ಕಿ, ಬೇಳೆ, ಹಿಟ್ಟು ಮೊದಲೇ ತೂಕ ಮಾಡಿ ಪ್ಯಾಕ್ ಆಗಿ, ಮೇಲೆ ಲೇಬಲ್ ಇದ್ದು, ತೂಕ 25 ಕೆಜಿಯವರೆಗೆ ಇದ್ದರೆ ಶೇ 5 ತೆರಿಗೆ. ಬಿಡಿಯಾಗಿ ತೂಗಿ ಕೊಟ್ಟರೆ ತೆರಿಗೆ ಇಲ್ಲ. 25 ಕೆಜಿ ದಾಟಿದ ಚೀಲಕ್ಕೂ ಇಲ್ಲ. ಆಮೇಲೆ ಮಾರುಕಟ್ಟೆಗೆ 26 ಕೆಜಿಯ ಚೀಲ ಬಂದದ್ದನ್ನು ನೀವೂ ನೋಡಿರುತ್ತೀರಿ. ಗಿರಣಿಯವರು ಒಂದು ಕೆಜಿ ಹೆಚ್ಚು ತುಂಬಿದ್ದು ದಾನಕ್ಕಲ್ಲ. ಪ್ಯಾಕ್ ಚೀಲ ತಂದು, ಬಾಯಿ ಬಿಚ್ಚಿ, ಸೇರು ಕೆಜಿ ಎಂದು ಬಿಡಿ ಮಾರಿದರೂ ಆ ಬಿಡಿ ಮಾರಾಟಕ್ಕೆ ತೆರಿಗೆ ಇಲ್ಲ.

ನಾನು ಅಂಗಡಿಗೆ ಹೋಗಿ ನೋಡಿದೆ. ಗೋಡೆಗೆ ಸೋನಾ ಮಸೂರಿ ಚೀಲ ಒಟ್ಟಿದ್ದವು, ಹೊಲಿಗೆಯ ಕೆಳಗೆ ನಿವ್ವಳ ತೂಕ 26 ಕೆಜಿ ಎಂದು ಅಚ್ಚಾಗಿತ್ತು. ಮುಂದೆ ಬಾಯಿ ಸುತ್ತಿಟ್ಟ ಮೂರು ಚೀಲದಲ್ಲಿ ಬಿಡಿ ಅಕ್ಕಿ, ಜೋಳ, ತೊಗರಿಬೇಳೆ, ಬೇಳೆಯೊಳಗೆ ಅಳತೆಯ ಡಬ್ಬಿ. ಎರಡಕ್ಕೂ ಫೋಟೋ ತೆಗೆದು ಉತ್ತರದ ಜತೆ ಇಟ್ಟೆವು. ಆದರೆ ಫೋಟೋ ಇಂದಿನದು, ವರ್ಷ ಹಳೆಯದು. ಹಳೆಯ ವರ್ಷಕ್ಕೆ ಸಾಕ್ಷಿ ಖರೀದಿ ಬಿಲ್ಲು. ಗಿರಣಿಯ ಬಿಲ್ಲಿನಲ್ಲಿ ಚೀಲದ ತೂಕ, ಸಂಖ್ಯೆ ಇರುತ್ತದೆ, ತೆರಿಗೆ ಕಲಂ ಸೊನ್ನೆ ಇರುತ್ತದೆ. ನಿಮಗೆ ದರದ ಪಟ್ಟಿ ಬಾಯಿಪಾಠ ಬೇಕಿಲ್ಲ. ಬಿಲ್ಲುಗಳನ್ನು ಮೂರು ಗುಂಪು ಮಾಡಿ: ತೆರಿಗೆ ಇಲ್ಲದ್ದು, ಶೇ 5 ಹಾಕಿದ್ದು, ಶೇ 18 ಹಾಕಿದ್ದು. ಅಜ್ಜಾರ ಮೊಮ್ಮಗಳು ಮೂರು ಬಣ್ಣದ ಪೆನ್ನು ಹಿಡಿದು ಒಂದು ಭಾನುವಾರ ಪೂರ್ತಿ ಇದನ್ನೇ ಮಾಡಿದಳು. ಒಂದೇ ಎಚ್ಚರಿಕೆ: 25 ಕೆಜಿಯೊಳಗಿನ ಪ್ಯಾಕ್ ತಂದು ಬಿಡಿ ಮಾರಿದ್ದರೆ ಖರೀದಿ ಬಿಲ್ಲಿನಲ್ಲಿ ಶೇ 5 ಇರುತ್ತದೆ, ಮಾರಾಟದಲ್ಲಿ ಇಲ್ಲ. ಅದನ್ನು ಬೇರೆ ಬರೆದುಕೊಳ್ಳಿ.

ಖರೀದಿಯ ಗುಂಪಿಗೆ ಲಾಭ ಸೇರಿಸಿ ಮಾರಾಟ ಲೆಕ್ಕ ಹಾಕಿದಾಗ ಬಂದದ್ದು: ಅಕ್ಕಿ, ಜೋಳ, ಬಿಡಿ ಬೇಳೆ, ಹಾಲು, ಉಪ್ಪು, ಬಿಡಿ ಬೆಲ್ಲ ಇತ್ಯಾದಿ ತೆರಿಗೆ ಇಲ್ಲದ್ದು 38,20,000. ಎಣ್ಣೆ, ಸಕ್ಕರೆ, ಚಹಾಪುಡಿಯಂಥ ಶೇ 5ರವು 8,00,000. ಸೋಪು, ಬಿಸ್ಕೀಟು, ಟೂತ್‌ಪೇಸ್ಟ್ 2,80,000. ಈ ಕೊನೆಯ ಗುಂಪಿನ ಬಗ್ಗೆ ಬಹಳ ಜನ ಎಡವುತ್ತಾರೆ. 22 ಸೆಪ್ಟೆಂಬರ್ 2025ರಿಂದ ಬಿಸ್ಕೀಟು, ಮೈ ಸೋಪು ಶೇ 5ಕ್ಕೆ ಇಳಿದಿವೆ ನಿಜ, ಆದರೆ 2023-24ರ ಲೆಕ್ಕಕ್ಕೆ ಅಂದಿನ ಶೇ 18ನ್ನೇ ಹಿಡಿಯಬೇಕು.

“ಹಂಗಾದ್ರ ಅಕ್ಕಿಗೆ ತೆರಿಗಿ ಇಲ್ಲ ಅಂದಮ್ಯಾಲೆ ಅಕ್ಕಿ ರೊಕ್ಕ ಯಾಕ ಎಣಿಸಬೇಕು?” ಅಜ್ಜಾರ ಈ ಪ್ರಶ್ನೆ ಸರಿಯಾದದ್ದೇ. ಬರೀ ಅಕ್ಕಿ, ಜೋಳ, ಬಿಡಿ ಬೇಳೆ, ತರಕಾರಿ, ಹಾಲು ಇಷ್ಟೇ ಮಾರಿದ್ದರೆ ಒಂದು ಕೋಟಿ ವ್ಯಾಪಾರವಾದರೂ ನೋಂದಣಿ ಬೇಕಿರಲಿಲ್ಲ. ಆದರೆ ತೆರಿಗೆ ಇರುವ ಒಂದು ಸೋಪು ಅಂಗಡಿಯಲ್ಲಿ ಬಂತೆಂದರೆ, 40 ಲಕ್ಷ ದಾಟಿತೋ ಎಂದು ನೋಡುವಾಗ ಅಕ್ಕಿಯ ಹಣವೂ ಎಣಿಕೆಗೆ ಬರುತ್ತದೆ. ತೆರಿಗೆ ಹಾಕುವಾಗ ಮಾತ್ರ ಅಕ್ಕಿ ಹೊರಗೆ. ಗಡಿಗೆ ಎಲ್ಲವೂ ಲೆಕ್ಕ, ತೆರಿಗೆಗೆ ಕೆಲವೇ ಲೆಕ್ಕ. ಇದನ್ನು ಅಜ್ಜಾರಿಗೆ ತಿಳಿಸಲು ಎರಡು ಕಪ್ ಚಹಾ ಬೇಕಾಯಿತು, ತಿಳಿದ ಮೇಲೆ ಅವರೇ ಓಣಿಯ ಇನ್ನಿಬ್ಬರಿಗೆ ಹೇಳಿಕೊಟ್ಟರು.

ಇನ್ನು ಒಂದೇ ಗಂಟು ಉಳಿದಿತ್ತು. ಹಿಂದಿನ ಯಾವ ವರ್ಷವೂ ಅಜ್ಜಾರ ವಹಿವಾಟು 40 ಲಕ್ಷ ದಾಟಿರಲಿಲ್ಲ. ಗಡಿ ದಾಟುವವರೆಗೆ ಅವರು ತೆರಿಗೆಗೆ ಒಳಪಟ್ಟವರೇ ಅಲ್ಲ. ಹಾಗಾದರೆ ದಾಟಿದ ದಿನ ಯಾವುದು? ಯುಪಿಐ ಸಾಲು ಮತ್ತು ಕೆಂಪು ಪುಸ್ತಕ ಎರಡನ್ನೂ ದಿನದಿನ ಕೂಡಿಸುತ್ತ ಹೋದರೆ 24 ಜನವರಿ 2024ಕ್ಕೆ 40 ಲಕ್ಷ ತುಂಬಿತ್ತು. ಅಲ್ಲಿಂದ ಮಾರ್ಚ್ ಕೊನೆಯವರೆಗಿನ 9 ಲಕ್ಷದಲ್ಲಿ ಶೇ 5ರ ಸಾಮಾನು 1,47,000, ಶೇ 18ರ ಸಾಮಾನು 53,100. ಅಜ್ಜಾರು ಗಿರಾಕಿಯಿಂದ ಬೇರೆ ತೆರಿಗೆ ಪಡೆದಿಲ್ಲ, ಪಡೆದ ಬೆಲೆಯೊಳಗೇ ತೆರಿಗೆ ಇದೆ ಎಂದು ಹಿಡಿಯಬೇಕೆಂದು ಕೇಳಿಕೊಂಡೆವು. ಲೆಕ್ಕ ಹೀಗೆ:

```
147000 × 5/105  = 7000
 53100 × 18/118 = 8100
ಒಟ್ಟು           = 15100
```

8,31,600 ಎಲ್ಲಿ, 15,100 ಎಲ್ಲಿ. ವಾರ್ಷಿಕ ಶೇ 18ರ ಬಡ್ಡಿ ಸೇರಿಸಿದರೆ, ಆ ಆಗಸ್ಟಿಗೆ ಸುಮಾರು 16 ತಿಂಗಳಿಗೆ, ಇನ್ನೊಂದು 3,600. ನೋಂದಣಿ ಮಾಡಿಸದ್ದಕ್ಕೆ ದಂಡ ಹಾಕುವ ಅವಕಾಶವೂ ಕಾನೂನಿನಲ್ಲಿದೆ, ಅದನ್ನು ಅಜ್ಜಾರಿಗೆ ಮುಚ್ಚಿಡಲಿಲ್ಲ. ದಾಟಿದ ದಿನದ ವಾದವನ್ನು ಅಧಿಕಾರಿ ಒಪ್ಪದೆ ಇಡೀ ವರ್ಷಕ್ಕೆ ಕೇಳಿದರೆ ತೆರಿಗೆ 80,807 ಆಗುತ್ತದೆ ಎಂಬುದನ್ನೂ ಹೇಳಿದೆ. ಎಂಟು ಲಕ್ಷದ ಭಯಕ್ಕೆ ಈಗ ಮೇಲಿನದೊಂದು ಕೆಳಗಿನದೊಂದು ಅಂಚು ಸಿಕ್ಕಿತ್ತು. ಆ ರಾತ್ರಿ ಅಜ್ಜಾರು ನಿದ್ದೆ ಮಾಡಿದರೆಂದು ಮೊಮ್ಮಗಳು ಹೇಳಿದಳು.

ಉತ್ತರ ಕನ್ನಡದಲ್ಲೇ ಬರೆದೆವು, ಎರಡು ಪುಟ. ಬೈಗುಳ ಇಲ್ಲ, ಗೋಗರೆತ ಇಲ್ಲ. ಆರಂಭ ಹೀಗಿತ್ತು:

‘ತಮ್ಮ ಉಲ್ಲೇಖಿತ ನೋಟಿಸು ನನಗೆ ತಲುಪಿದೆ. ಅದರಲ್ಲಿ ತೋರಿಸಿರುವ ರೂ. 46,20,000 ನನ್ನ ಖಾತೆಗೆ ಬಂದಿರುವುದು ನಿಜ. ಅದು ಪೂರ್ತಿ ಮಾರಾಟದ ಹಣವಲ್ಲ. ಮಾರಾಟವಲ್ಲದ ರೂ. 7,20,000ದ ವಿವರ ಅನುಬಂಧ 1ರಲ್ಲಿದೆ. ನಗದು ಸೇರಿ ನನ್ನ ಒಟ್ಟು ವಹಿವಾಟು ರೂ. 49,00,000. ಇದರಲ್ಲಿ ತೆರಿಗೆ ಇಲ್ಲದ ಸರಕಿನ ವಿವರ ಅನುಬಂಧ 2ರಲ್ಲಿದೆ.’

ನೋಟಿಸಿನಲ್ಲಿ ಇಲ್ಲದ ನಗದನ್ನು ನಾವೇ ಏಕೆ ಹೇಳಿದೆವು ಎಂದು ನಿಮಗೆ ಅನಿಸಬಹುದು. ನನ್ನೊಂದಿಗೆ ಕೆಲಸ ಮಾಡುವವರಲ್ಲೇ ಕೆಲವರು ಇದನ್ನು ಒಪ್ಪುವುದಿಲ್ಲ. ನನ್ನ ಲೆಕ್ಕ ಇಷ್ಟೇ: ಅಕ್ಕಿಗೆ ತೆರಿಗೆ ಇಲ್ಲವೆಂದು ತೋರಿಸಲು ಖರೀದಿ ಬಿಲ್ಲು ಕೊಡಲೇಬೇಕು. ಬಿಲ್ಲು ಕೊಟ್ಟ ಮೇಲೆ 45,60,000ದ ಖರೀದಿಗೆ 39 ಲಕ್ಷದ ಮಾರಾಟ ಹೇಗೆ ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಅದನ್ನು ಅವರು ಕಂಡುಹಿಡಿಯುವ ಮೊದಲು ನಾವು ಹೇಳಿದ್ದು ಮೇಲು. ಆದಾಯ ತೆರಿಗೆಯವರು ಮುಂದೆ ಕೇಳಿದರೂ ಇದೇ ಅಂಕಿ ನಿಲ್ಲಬೇಕು.

ಕೊನೆಯಲ್ಲಿ ಎರಡು ಕೋರಿಕೆ: ಆದೇಶಕ್ಕೆ ಮೊದಲು ಖುದ್ದು ಹಾಜರಾಗಿ ಹೇಳಲು ಅವಕಾಶ ಕೊಡಿ, ತೆರಿಗೆ ಬಾಕಿ ಎಂದು ತೀರ್ಮಾನವಾದರೆ ಅದನ್ನು ಅನುಬಂಧ 3ರ ಲೆಕ್ಕಕ್ಕೆ ಸೀಮಿತಗೊಳಿಸಿ. ಮೊದಲನೆಯದನ್ನು ಬರಹದಲ್ಲಿ ಕೇಳುವುದು ಮುಖ್ಯ. ಬರೆದು ಕೇಳಿದವರಿಗೆ ವಿಚಾರಣೆಯ ಅವಕಾಶ ಕೊಡಲೇಬೇಕು. ಕಾಗದ ಹೊಂದಿಸಲು ಸಮಯ ಸಾಲದಿದ್ದರೆ ಕಾರಣ ಬರೆದು ಗಡುವಿನೊಳಗೇ ಸಮಯ ಕೇಳಿ. ಗಡುವು ದಾಟಿ ಕೇಳಿದರೆ ಆದೇಶ ಆಗಲೇ ಟೈಪಾಗಿರುತ್ತದೆ.

ಇಷ್ಟರಲ್ಲಿ ಇನ್ನೊಂದು ಗೊಂದಲ. 23 ಜುಲೈ 2025ರಂದು ಮುಖ್ಯಮಂತ್ರಿಗಳು ವ್ಯಾಪಾರಿಗಳ ಜತೆ ಸಭೆ ನಡೆಸಿ, ನೋಂದಣಿ ಮಾಡಿಸಿಕೊಳ್ಳಿ, ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದಿದ್ದರು. ಅಳಿಯ ಪೇಪರ್ ಹಿಡಿದುಕೊಂಡು ಬಂದ: “ಇನ್ನ್ಯಾಕ್ರೀ ಉತ್ರ?” ಪೇಪರ್ ಓದಿ ನನಗೂ ಖುಷಿಯೇ. ಆದರೆ ಅಜ್ಜಾರ ಹೆಸರಿನ ಕಡತ ಕಚೇರಿಯಲ್ಲಿ ತೆರೆದೇ ಇದೆ, ಅದನ್ನು ಮುಚ್ಚುವುದು ಆ ಕಡತದಲ್ಲಿ ಸೇರುವ ಕಾಗದ. ಆ ಹೇಳಿಕೆಯ ಲಾಭ ನನಗೂ ಸಿಗಬೇಕೆಂದು ಉತ್ತರದ ಕೊನೆಗೆ ಒಂದು ಸಾಲು ಸೇರಿಸಿದೆವು, ಉತ್ತರವನ್ನು ನಿಲ್ಲಿಸಲಿಲ್ಲ. ನೀವೂ ಹಾಗೇ ಮಾಡಿ.

ಹದಿಮೂರನೇ ದಿನ ಅಜ್ಜಾರೇ ಕಚೇರಿಗೆ ಹೋಗಿ ಕೊಟ್ಟರು. ನಾನು ಜತೆಗಿದ್ದೆ, ಮಾತಾಡಲಿಲ್ಲ. ಒಂದು ಪ್ರತಿ ಕೊಟ್ಟು ಇನ್ನೊಂದು ಪ್ರತಿಯ ಮೇಲೆ ತಾರೀಖಿನ ಸಮೇತ ಸೀಲು, ಸಹಿ ಹಾಕಿಸಿಕೊಳ್ಳಬೇಕೆಂದು ಹೇಳಿಕೊಟ್ಟಿದ್ದೆ. ಸಿಬ್ಬಂದಿ “ಇಟ್ಟು ಹೋಗ್ರಿ ಅಜ್ಜಾರ, ನೋಡ್ತೀವಿ” ಎಂದಾಗ ಅವರು “ಸೀಲ್ ಹೊಡದ್ರ ಹೋಗ್ತೀನಪಾ” ಎಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಹತ್ತು ನಿಮಿಷಕ್ಕೆ ಸೀಲು ಬಿತ್ತು.

ವಿಚಾರಣೆಯಲ್ಲಿ ಅಧಿಕಾರಿ ಕೇಳಿದ್ದು ಎರಡೇ. ಕೈಗಡ ಹೋದ ಸಾಲು ತೋರಿಸಿ ಎಂದರು, ತೋರಿಸಿದೆವು. ಬಿಡಿ ಬೇಳೆ ಇಷ್ಟು ಹೇಗೆ ಮಾರುತ್ತೀರಿ ಎಂದರು. ಅಜ್ಜಾರು ಕೈಯಲ್ಲೇ ಅಳತೆ ತೋರಿಸಿ, ಹೊಲದ ಕೆಲಸಕ್ಕೆ ಹೋಗುವವರು ಸಂಜೆ ಪಾವು ಕೆಜಿ ಲೆಕ್ಕದಲ್ಲಿ ಒಯ್ಯುತ್ತಾರೆ, ಪಾಕೀಟು ಯಾರು ಕೇಳುತ್ತಾರೆ ಎಂದರು. ಅಧಿಕಾರಿ ಬರೆದುಕೊಂಡರು. ಆದೇಶ ಇನ್ನೂ ಕೈಗೆ ಬಂದಿಲ್ಲ. ನಮ್ಮ ಲೆಕ್ಕ ಬಿಟ್ಟು ಬೇರೆ ಬಂದರೆ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬಹುದು, ತಕರಾರಿನ ತೆರಿಗೆಯ ಶೇ 10ನ್ನು ಮೊದಲು ಕಟ್ಟಬೇಕು.

ಅಜ್ಜಾರು ಈಗ ನೋಂದಣಿ ಮಾಡಿಸಿ ರಾಜಿ ತೆರಿಗೆ ಪದ್ಧತಿಗೆ ಸೇರಿದ್ದಾರೆ. ನೋಂದಣಿಗೆ ಸರ್ಕಾರಿ ಶುಲ್ಕವಿಲ್ಲ. ವರ್ಷಕ್ಕೆ ಒಂದೂವರೆ ಕೋಟಿಯೊಳಗಿನ ವ್ಯಾಪಾರಿಗೆ, ತೆರಿಗೆ ಇರುವ ಸಾಮಾನಿನ ಮಾರಾಟದ ಮೇಲೆ ಮಾತ್ರ ಶೇ 1. ಮೇಲಿನ ಲೆಕ್ಕದಂತೆ 10,80,000ಕ್ಕೆ ವರ್ಷಕ್ಕೆ 10,800, ಮೂರು ತಿಂಗಳಿಗೊಮ್ಮೆ ಕಟ್ಟುವುದು. ಅದನ್ನು ಗಿರಾಕಿಯಿಂದ ವಸೂಲಿ ಮಾಡುವಂತಿಲ್ಲ, ಖರೀದಿಯಲ್ಲಿ ಕೊಟ್ಟ ತೆರಿಗೆ ತಿರುಗಿ ಪಡೆಯುವಂತೆಯೂ ಇಲ್ಲ. ಹಳೆಯ ವರ್ಷಕ್ಕೆ ಈ ಶೇ 1 ಕೊಡಿ ಎಂದು ಕೇಳಿದರೆ ಸಿಗದು, ಸೇರಿದ ಮೇಲಿನದಕ್ಕೆ ಮಾತ್ರ.

ನಿಮ್ಮ ಅಪ್ಪಾಜಿಯ ನೋಟಿಸಿನಲ್ಲಿ ಒಂದಕ್ಕಿಂತ ಹೆಚ್ಚು ವರ್ಷ ಇದ್ದರೆ ಪ್ರತಿ ವರ್ಷಕ್ಕೂ ಈ ಲೆಕ್ಕ ಬೇರೆ ಬೇರೆ ಮಾಡಿ. ಒಂದು ವರ್ಷ ದಾಟಿದ ಮೇಲೆ ಮುಂದಿನ ವರ್ಷಕ್ಕೆ ದಾಟಿದ ದಿನದ ವಾದ ನಿಲ್ಲುವುದು ಕಷ್ಟ. ಮೊದಲು ಎಕ್ಸೆಲ್ ಹಾಳೆ ಮತ್ತು ತಂತಿಗೆ ಚುಚ್ಚಿದ ಬಿಲ್ಲು ಎರಡನ್ನೂ ಅವರ ಮುಂದೆ ಇಡಿ, ಸಾಲುಗಳನ್ನು ಅವರಿಂದಲೇ ಗುರುತು ಮಾಡಿಸಿ. ಯಾವ 30,000 ಯಾರದು ಎಂದು ನಿಮಗಿಂತ, ನನಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಹೋದ ವಾರ ಅಂಗಡಿಗೆ ಹೋದಾಗ ಕ್ಯೂಆರ್ ಹಾಳೆ ಮತ್ತೆ ಗೋಡೆಗೆ ಬಂದಿತ್ತು, ಮನೆಯ ಹಣಕ್ಕೆ ಬೇರೆ ಖಾತೆ ಮಾಡಿದ್ದರು. ನೋಟಿಗಾಗಿ ಫೋನ್‌ಪೇ ಹೊಡೆಯಲು ಬಂದ ಹುಡುಗನಿಗೆ ಅಜ್ಜಾರು, “ಆ ಎಟಿಎಂಗೆ ಹೋಗಪಾ, ಇಲ್ಲಿ ಬ್ಯಾಡ” ಎನ್ನುತ್ತಿದ್ದರು.